ಮೇನ್ ತಗದ ಇಡ್ರಿ

ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿರುವ ಎಲೆಕ್ಟ್ರಿಕ್ ಅಂಗಡಿ ಗೌಸುಸಾಬರದು, ಆದರೆ ಅದರ ನಾಲಿಗೆ ನಾಗರತ್ನಾಳದು ಎಂದು ಊರವರು ನಗುತ್ತಿದ್ದರು. ನಗಲಿ ಬಿಡಿ. ಆಕೆ ಬರುವುದಕ್ಕೆ ಮುಂಚೆ ಆ ಅಂಗಡಿಯಲ್ಲಿ ‘ನಾಳಿ ಬರ್ತಾನ್ರಿ’ ಎಂಬ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ನಲ್ಲಿ ಸೋರುವ ಮನೆಯ ಹೆಂಗಸು ಹೊಲದ ಕೆಲಸ ಬಿಟ್ಟು ದಿನವಿಡೀ ಬಾಗಿಲು ಕಾಯಬೇಕು, ಪ್ಲಂಬರ್ ಮಹಾಶಯ ಯಾವುದೋ ಮದುವೆ ಊಟಕ್ಕೆ ಹೋಗಿರಬೇಕು, ಕೊನೆಗೆ ಆಕೆ ಅವನ ಏಳು ತಲೆಮಾರನ್ನೂ ಜಾಲಾಡಿ ಬಕೆಟ್ಟು ಎತ್ತಿಕೊಂಡು ಒಳಗೆ ಹೋಗಬೇಕು. ಇದು ರೂಢಿಯಾಗಿತ್ತು.

ನಾಗರತ್ನಾ ಬಂದು ಅದನ್ನು ನಿಲ್ಲಿಸಿದಳು. ಬೆಳಿಗ್ಗೆ ಅಂಗಡಿಯ ಕಸ ಹೊಡೆದು, ಊದುಬತ್ತಿ ಹಚ್ಚಿ, ಅಂದು ಹೋಗಬೇಕಾದ ಮನೆಗಳಿಗೆಲ್ಲ ತಾನೇ ಫೋನು ಮಾಡುತ್ತಿದ್ದಳು. ಯಾವ ಓಣಿ, ಯಾರ ಮನೆಯ ಬಾಜೂಕು, ಎಷ್ಟರಿಂದ ಎಷ್ಟರೊಳಗೆ ಬಂದರೆ ಅನುಕೂಲ, ಬಾಗಿಲು ತೆಗೆಯುವವರು ಯಾರು, ನಾಯಿ ಕಟ್ಟಿದ್ದಾರೋ ಬಿಟ್ಟಿದ್ದಾರೋ, ಮೀಟರು ಎಲ್ಲಿದೆ. ಎಲ್ಲವನ್ನೂ ಕೇಳಿ, ಕೇಳಿದ್ದನ್ನು ತಾನೇ ಮತ್ತೊಮ್ಮೆ ಹೇಳಿ, ಆ ಕಡೆಯವರಿಂದ ‘ಹೌದ್ರಿ’ ಅನ್ನಿಸಿಕೊಂಡ ಮೇಲೆಯೇ ಫೋನು ಇಡುತ್ತಿದ್ದಳು. ಆಕೆ ಹತ್ತರಿಂದ ಹನ್ನೆರಡು ಅಂದರೆ ಹತ್ತರಿಂದ ಹನ್ನೆರಡೇ. ಅಂಗಡಿಯ ಎಲೆಕ್ಟ್ರಿಶಿಯನ್ ಕಲ್ಲೇಶನಂತೂ “ನಮ್ಮ ನಾಗಕ್ಕನ ಮಾತಂದ್ರ ಟೆಸ್ಟರ್ ಇದ್ದಂಗ, ಸುಳ್ಳ ಹೇಳಂಗಿಲ್ಲ” ಎಂದು ಹೋದಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಹೇಳದೆ ಏನು ಮಾಡಿಯಾನು? ಅವನು ಆಕೆಯ ತಂಗಿ ಭಾಗ್ಯಾಳ ಗಂಡ. ಅವನನ್ನು ಆ ಅಂಗಡಿಗೆ ಸೇರಿಸಿದವಳೂ ಆಕೆಯೇ.

ಆ ದಿನ ಬೆಳಿಗ್ಗೆ ಗೌಸುಸಾಬರು ಸಾಮಾನು ತರಲೆಂದು ನರಗುಂದಕ್ಕೆ ಹೋಗಿದ್ದರು. ಕಲ್ಲೇಶ ಬೈಕಿನ ಡಬ್ಬಿಗೆ ಪಕ್ಕಡ, ಟೇಪು, ವಾಯರಿನ ಸುರುಳಿ ತುಂಬುತ್ತ ಒಂದು ಮಾತು ಹೇಳಿದ.

“ನಾಗಕ್ಕಾ, ಇವತ್ತ ಅಂಗನವಾಡಿ ಅಕ್ಕೋರ ಮನಿ ಐತಲ್ಲಾ, ಅಂಗಳದಾಗಿನ ಸಂಪಿನ ಮೋಟರಿಂದು. ಆ ಮನಿ ವಾಯರಿಂಗ್ ಉಲ್ಟಾ ಐತಿ. ಯಾವ ಪುಣ್ಯಾತ್ಮ ಮಾಡ್ಯಾನೋ, ಫೇಸಿಗೆ ಕೊಡೂ ಸ್ವಿಚ್ ನ್ಯೂಟ್ರಲ್ಲಿಗೆ ಕೊಟ್ಟಾನ. ಸ್ವಿಚ್ ಬಂದ್ ಮಾಡಿದ್ರೂ ಮೋಟರಿಗೆ ಕರೆಂಟ ಬರ್ತಿರ್ತೈತಿ. ಹೋದ ಸಲ ನೋಡಿ ಬಂದೇನಿ, ಇವತ್ತ ಅದನ್ನೂ ಸುದ್ದ ಮಾಡಬೇಕು. ಮೇನ್ ತಗೀಲಾರದ ಕೈ ಹಚ್ಚಾಂಗಿಲ್ಲ.”

“ಹಂಗಾರ ಹೋದ ಕೂಡ್ಲೆ ನೀನ ತಗಿ.”

“ಹ್ಯಾಂಗ ತಗೀಲಿ? ಮೀಟರು, ಮೇನ್ ಎಲ್ಲಾ ಬಾಜೂ ಖೋಲ್ಯಾಗ ಅದಾವು. ಅಕ್ಕೋರು ಮನ್ಯಾಗ ಇರಲಿಲ್ಲಂದ್ರ ಅದಕ್ಕ ಕೀಲಿ ಇರ್ತೈತಿ. ಹೋಗೂ ಮುಂದ ಮೇನ್ ತಗದ ಇಟ್ಟ ಹೋಗ್ರಿ ಅಂತ ಹೇಳು.”

“ಹೇಳ್ತೇನಿ ತಗೋ. ನೀ ಮೊದಲ ಕಿಲ್ಲೇದ ಓಣಿ ಫ್ಯಾನ ಮುಗಿಸು.”

ಕಲ್ಲೇಶ ಹೋದ. ಹೋಗುವಾಗ, ಮಧ್ಯಾಹ್ನ ಭಾಗ್ಯಾ ಜುಣಕ ಮಾಡುತ್ತಾಳೆ, ನೀನೂ ಉಣ್ಣಲು ಬಾ ಎಂದು ಕೂಗಿ ಹೇಳಿದ. ಈಕೆ ಕೈ ಬೀಸಿದಳು.

ಅಂಗನವಾಡಿ ಅಕ್ಕೋರು ಎಂದರೆ ಭೀಮಾಬಾಯಿ. ನಲವತ್ತೈದರ ಹೆಂಗಸು, ಬಾಯಿ ತುಂಬ ಮಾತು. ಗಂಡ ದತ್ತಾತ್ರೇಯ ಬಸ್ ಡ್ರೈವರು, ಡ್ಯೂಟಿಗೆ ಹೋದರೆ ಮರುದಿನವೇ ಮನೆಗೆ. ನಾಗರತ್ನಾ ಫೋನು ಮಾಡಿದಾಗ ಆಕೆ ಸೀರೆ ಉಡುತ್ತ ಮಾತಾಡುತ್ತಿದ್ದಳು ಎಂದು ಕಾಣುತ್ತದೆ, ಫೋನು ಎಲ್ಲೋ ದೂರ ಇಟ್ಟಂತೆ ದನಿ ಬರುತ್ತಿತ್ತು. ಈ ಕಡೆ ಅಂಗಡಿಯ ಕಟ್ಟೆಯ ಮೇಲೆ ಬೆಳವಣಕಿಯ ಒಬ್ಬ ರೈತ ಸ್ಟಾರ್ಟರ್ ಹಿಡಿದುಕೊಂಡು ‘ಲಗೂನ ಕೊಡವಾ, ಬಸ್ಸ ಹೊಕ್ಕೈತಿ’ ಎಂದು ಅವಸರ ಮಾಡುತ್ತಿದ್ದ.

“ಅಕ್ಕೋರ, ಗೌಸುಸಾಬರ ಅಂಗಡಿಯಿಂದ ಮಾತಾಡೂದು. ನಿಮ್ಮ ಮನಿಗೆ ಇವತ್ತ ಹನ್ನೊಂದರಿಂದ ಒಂದರೊಳಗ ಕಲ್ಲೇಶ ಬರ್ತಾನ. ಮದರಬಿಯವರ ಮನಿ ಎದುರಿಗಿನ ಮನಿ, ಹೌದಲ್ರಿ?”

“ಹೌದವಾ, ಹೌದು. ಆದ್ರ ನನಗ ಇವತ್ತ ರೋಣದಾಗ ಮೀಟಿಂಗ ಐತಿ. ಮನ್ಯಾಗ ಯಾರೂ ಇರಾಂಗಿಲ್ಲ. ಬಾಜೂ ಬಾಗಲಕ್ಕ ಕೀಲಿ ಹಾಕಿ ಹೋಗ್ತೇನಿ. ಮುಂದ ದೂಡಿದ್ರ ನೀರ ಇಲ್ಲದ ಸಾಯ್ತೇವಿ, ಸಂಪಿನ್ಯಾಗ ನೀರೈತಿ, ಮ್ಯಾಲ ಏರವಲ್ದು.”

“ಮುಂದ ದೂಡೂದ ಬ್ಯಾಡ್ರಿ. ನೀವು ಹೋಗೂ ಮುಂದ ಮೇನ್ ತಗದ ಇಟ್ಟ ಹೋಗ್ರಿ, ಸಾಕು.”

“ಮೇನ್ ತಗದ ಇಡ್ಲ್ಯಾ?”

“ಹೂನ್ರಿ. ಮೇನ್ ತಗದಿದ್ರ ಅವ ಬಂದ ತನ್ನ ಕೆಲಸ ತಾ ಮಾಡ್ಕೋತಾನ. ಮರೀಬ್ಯಾಡ್ರಿ ಮತ್ತ, ಮರತ್ರ ಅನಾಹುತ ಆಕ್ಕೈತಿ.”

“ಅಯ್ಯ, ಅನಾಹುತ ಏನ ಬಂತವಾ ಅದರಾಗ! ಓಣ್ಯಾಗಿನವರೆಲ್ಲಾ ನಮ್ಮವರ. ತಗದ ಇಟ್ಟ ಹೋಗ್ತೇನಿ.”

ಆ ಕೊನೆಯ ಮಾತು ಕಿವಿಗೆ ಬಿದ್ದಾಗ ನಾಗರತ್ನಾಳಿಗೆ ಒಂದು ಕ್ಷಣ ಏನೋ ತೊಡಕಿದಂತಾಯಿತು. ಓಣಿಯವರಿಗೂ ಇದಕ್ಕೂ ಏನು ಸಂಬಂಧ? ಆದರೆ ಬೆಳವಣಕಿಯವನು ಸ್ಟಾರ್ಟರನ್ನು ಟೇಬಲ್ಲಿನ ಮೇಲೆ ಕುಕ್ಕಿದ. ಈಕೆ ವಾಡಿಕೆಯಂತೆ ಎಲ್ಲವನ್ನೂ ಮತ್ತೊಮ್ಮೆ ಹೇಳಿದಳು: ಹನ್ನೊಂದರಿಂದ ಒಂದು, ಮದರಬಿ ಮನೆ ಎದುರು, ಬಾಜೂ ಬಾಗಿಲಿಗೆ ಕೀಲಿ, ಮೇನ್ ತೆಗೆದಿರುತ್ತದೆ. ಆ ಕಡೆಯಿಂದ ‘ಹೌದು’ ಬಂತು. ಫೋನು ಇಟ್ಟಳು.

ಹತ್ತೂವರೆಯ ಸುಮಾರಿಗೆ ಕಲ್ಲೇಶ ಕಿಲ್ಲೇದ ಓಣಿಯಿಂದ ಫೋನು ಮಾಡಿದ. “ಇಲ್ಲೀದು ಮುಗೀತು. ಅಕ್ಕೋರ ಮನಿಗೆ ಹೊಂಟೆ. ಮೇನ್ ತಗದಾರ?”

“ತಗದಾರ. ನಾನ ಎರಡ ಸಲ ಕೇಳೇನಿ.”

“ಹಂಗಾರ ಆತ ಬಿಡು,” ಎಂದ.

ಅವನು ಹೋಗಿ ಸ್ವಲ್ಪ ಹೊತ್ತಿಗೆ ಊರಿನ ಕರೆಂಟು ಹೋಯಿತು. ಅದೇನು ದೊಡ್ಡ ಸುದ್ದಿಯಲ್ಲ. ಫ್ಯಾನು ನಿಂತಿತು, ಎದುರಿನ ಜೆರಾಕ್ಸ್ ಅಂಗಡಿಯವನು ಹೊರಗೆ ಬಂದು ಲೈನ್‌ಮನ್ನನ ಕುಲಗೋತ್ರ ವಿಚಾರಿಸಿದ, ಮೂಲೆಯ ಹಿಟ್ಟಿನ ಗಿರಣಿ ಗಪ್ಪಾಯಿತು. ನಾಗರತ್ನಾ ರಟ್ಟಿನ ತುಂಡಿನಿಂದ ಗಾಳಿ ಹಾಕಿಕೊಳ್ಳುತ್ತ, ಸಂಜೆಯ ನಲ್ಲಿ ಕೆಲಸಕ್ಕೆ ಯಾರನ್ನು ಕಳಿಸಲಿ ಎಂದು ಯೋಚಿಸುತ್ತ ಕೂತಳು.

ಆಗ ಭೀಮಾಬಾಯಿಯ ಫೋನು ಬಂತು. ಬಸ್ಸಿನ ಗದ್ದಲ, ಮಾತು ಬಿಟ್ಟು ಬಿಟ್ಟು ಕೇಳುತ್ತಿತ್ತು.

“ನಾಗರತ್ನಾ, ನಿಮ್ಮವ ಬಂದಾನೇನವಾ? ನನಗ ಜೀವ ಇಲ್ಲೇ ಹೊಡ್ಕೋಳಾಕತ್ತೈತಿ. ನಾಯಿ ಗೀಯಿ ಒಳಗ ಹೊಕ್ಕಾವು.”

“ನಾಯಿ ಯಾಕ ಹೊಗ್ತಾವ್ರಿ?”

“ಮೇನ್ ತಗದ ಇಟ್ಟ ಬಂದೇನೆಲ್ಲಾ, ನೀ ಹೇಳಿದಂಗ. ಗಾಳಿಗೆ ಮುಚ್ಕೋಬಾರದಂತ ಕಲ್ಲ ಇಟ್ಟ ಬಂದೇನಿ. ಒಳಗಿನ ಖೋಲಿಗೆಲ್ಲಾ ಕೀಲಿ ಅದಾವು, ಖರೆ, ಆದ್ರೂ…”

“ಅಕ್ಕೋರ, ಯಾವ ಮೇನ್?”

“ಮೇನ್ ಡೋರ್ ಅವಾ. ಮುಂದಿನ ಬಾಗಲಾ! ನಮ್ಮ ಮಗ ಹೇಮಂತ ಮನಿ ಕಟ್ಟಿಸಿದಾಗಿಂದ ಅದಕ್ಕ ಮೇನ್ ಅಂತಾನ, ನಾವೂ ಮೇನ್ ಅಂತೇವಿ. ದಿನಾ ನಾವು ಬಾಜೂ ಬಾಗಲ್ದಾಗ…”

ಅಲ್ಲಿಗೆ ಮಾತು ಕಡಿಯಿತು. ನರೇಗಲ್ಲಿನ ಆಚೆ ಎಲ್ಲೋ ಬಸ್ಸು ನೆಟ್‌ವರ್ಕ್ ಇಲ್ಲದ ಕಡೆ ಇಳಿದಿರಬೇಕು.

ನಮ್ಮ ಭಾಷೆ ನೋಡಿ. ಬಾಗಿಲು ತೆಗೆದರೆ ತೆರೆಯುತ್ತದೆ, ಕರೆಂಟು ತೆಗೆದರೆ ಹೋಗುತ್ತದೆ. ಒಂದೇ ಕ್ರಿಯೆ, ಎರಡು ದಿಕ್ಕು. ಹುಟ್ಟಿದಾಗಿನಿಂದ ಎರಡನ್ನೂ ಆಡುತ್ತೇವೆ, ಒಮ್ಮೆಯೂ ಕಾಲು ತೊಡಕಿ ಬೀಳುವುದಿಲ್ಲ. ಈ ಹಾಳು ‘ಮೇನ್’ ಒಂದು ಬಂದು ನಡುವೆ ಕೂತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾಗರತ್ನಾ ಮಾತನ್ನು ಎರಡೆರಡು ಸಲ ಆಡಿದ್ದಳು.

ಖೋಲಿಗೆ ಕೀಲಿ ಬಿದ್ದಿದೆ, ಒಳಗೆ ಮೇನ್ ಸ್ವಿಚ್ ಹಾಕಿದ್ದು ಹಾಕಿದಂತೆ ಇದೆ. ಕಲ್ಲೇಶ ಹುಂಬನಲ್ಲ, ಕೈ ಹಚ್ಚುವ ಮುಂಚೆ ಟೆಸ್ಟರ್ ಇಟ್ಟೇ ನೋಡುತ್ತಾನೆ. ಇಟ್ಟರೆ ಏನು ಕಂಡೀತು? ಊರಲ್ಲೇ ಕರೆಂಟಿಲ್ಲ. ಟೆಸ್ಟರ್ ಹತ್ತುವುದಿಲ್ಲ. ನಾಗಕ್ಕ ಹೇಳಿದಂತೆ ಮೇನ್ ತೆಗೆದಿದ್ದಾರೆ ಎಂದುಕೊಂಡು ಸಂಪಿಗೆ ಇಳಿಯುತ್ತಾನೆ, ನೀರಿನಲ್ಲಿ ನಿಂತು ವಾಯರಿನ ಜಾಯಿಂಟು ಬಿಚ್ಚುತ್ತಾನೆ. ಕರೆಂಟು ಬರುವವರೆಗೆ ಅವನು ಬದುಕಿರುತ್ತಾನೆ.

ಕಲ್ಲೇಶನಿಗೆ ಫೋನು ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದಳು. ನೀರಿಗೆ ಇಳಿಯುವವನು ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಾನೆ, ಫೋನು ಅಂಗಿಯ ಜೇಬಿನಲ್ಲಿರುತ್ತದೆ, ಇದು ಆಕೆಗೆ ಗೊತ್ತಿಲ್ಲದ್ದಲ್ಲ. ಕರೆಂಟ್ ಆಫೀಸಿಗೆ ಹಚ್ಚಿದಳು. ಊರೆಲ್ಲ ಅದೇ ನಂಬರಿಗೆ ಹಚ್ಚುತ್ತಿತ್ತು, ಎಂಗೇಜ್. ಗೌಸುಸಾಬರ ಬೈಕು ನರಗುಂದದಲ್ಲಿದೆ. ಅಂಗಡಿಯನ್ನು ಹಾಗೇ ಬಿಟ್ಟು ಓಡಿದಳು.

ಅಂದು ಸಂತೆ. ಬಸ್ ಸ್ಟ್ಯಾಂಡಿನಿಂದ ಆಚೆ ಹೆಜ್ಜೆ ಹಾಕಲು ಜಾಗವಿಲ್ಲ. ಬದನೆಕಾಯಿಯ ರಾಶಿ ದಾಟಿದಳು, ನೇಕಾರರ ಸೀರೆಗಂಟು ಹೊತ್ತ ಕೈಗಾಡಿಗೆ ಮೊಣಕಾಲು ಬಡಿಸಿಕೊಂಡಳು. ಆಟೋದವನೊಬ್ಬನನ್ನು ಕೂಗಿದಳು, ಅವನು ಗಾಡಿ ತಿರುಗಿಸಲು ಜಾಗವಿಲ್ಲವೆಂದು ಕೈಯಾಡಿಸಿದ. ಯಾರೋ “ಏನಾತ ನಾಗಕ್ಕಾ?” ಎಂದರು. ‘ಕಾಲಕಾಲೇಶ್ವರಾ, ಕರೆಂಟ ತರಬ್ಯಾಡಪಾ, ಇವತ್ತೊಂದಿನ ತರಬ್ಯಾಡ’ ಎಂದು ಒಂದೇ ಸಮನೆ ಬೇಡುತ್ತ ಓಡುತ್ತಿದ್ದಳು. ಕರೆಂಟು ಕೊಡು ಎಂದು ಊರು ಬೇಡುವ ಹೊತ್ತಿನಲ್ಲಿ ಆಕೆಯೊಬ್ಬಳೇ ಬೇಡವೆಂದು ಬೇಡುತ್ತಿದ್ದಳು. ದೇವರಾದರೂ ಯಾರ ಮಾತು ಕೇಳಬೇಕು?

ಓಣಿಯ ತಿರುವಿಗೆ ಬಂದಳು. ದೂರದಲ್ಲಿ ಭೀಮಾಬಾಯಿಯ ಮನೆ ಕಂಡಿತು. ಸಾಗುವಾನಿಯ ಮುಂಬಾಗಿಲು ಹಾರು ಹೊಡೆದಿತ್ತು, ಕೆಳಗೆ ಕಲ್ಲು ಒತ್ತು ಕೊಟ್ಟಿತ್ತು. ಪಕ್ಕದಲ್ಲಿ ಕಲ್ಲೇಶನ ಬೈಕು ನಿಂತಿತ್ತು. ಎದುರಿನ ಕಟ್ಟೆಯ ಮೇಲೆ ಮದರಬಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು.

“ಕಲ್ಲೇಶಾ! ಮ್ಯಾಲ ಬಾ! ಮೇನ್ ತಗದಿಲ್ಲೋ!” ಎಂದು ನಾಗರತ್ನಾ ಅಲ್ಲಿಂದಲೇ ಚೀರಿದಳು.

ಮದರಬಿ ಗಾಬರಿಯಾಗಿ ತೆರೆದ ಬಾಗಿಲು ನೋಡಿದಳು, ಈಕೆಯನ್ನು ನೋಡಿದಳು. “ತಗದೈತಲ್ಲವಾ,” ಎಂದಳು ಪಾಪ, ಬಾಗಿಲಿನ ಕಡೆ ಕೈ ತೋರಿಸಿ.

ಅಷ್ಟರಲ್ಲಿ ಓಣಿಯ ಮಕ್ಕಳು ‘ಹೋ’ ಎಂದು ಕೂಗಿದವು. ಯಾರ ಮನೆಯಲ್ಲೋ ಟಿ.ವಿ. ಅರ್ಧ ಮಾತಿನಿಂದ ಶುರುವಾಯಿತು. ಹಿಂದಿನ ಓಣಿಯಲ್ಲಿ ಇನ್ನೊಂದು ಗಿರಣಿ ಗುರುಗುಟ್ಟಿ ಎದ್ದಿತು.

ಅಂಗಳದಿಂದ ಕೂಗು ಕೂಡ ಬರಲಿಲ್ಲ. ನೀರು ಒಮ್ಮೆ ಬಡಿದ ಸಪ್ಪಳವಷ್ಟೇ ಆಯಿತು.

ನಾಗರತ್ನಾ ಅಂಗಳಕ್ಕೆ ನುಗ್ಗಿದಳು. ಸಂಪಿನ ಮುಚ್ಚಳ ಪಕ್ಕಕ್ಕಿತ್ತು. ಒಳಗೆ ಸೊಂಟದಷ್ಟು ನೀರಿನಲ್ಲಿ ಕಲ್ಲೇಶ ಗೋಡೆಗೆ ಆತು ಕುಸಿದಿದ್ದ, ಬಲಗೈ ವಾಯರನ್ನು ಬಿಟ್ಟಿರಲಿಲ್ಲ. ಹಿಂದೆಯೇ ಓಡಿಬಂದ ಮದರಬಿ “ಯಾ ಅಲ್ಲಾ!” ಎಂದು ಅವನ ಕೂದಲಿಗೆ ಕೈ ಚಾಚಿದಳು. ನಾಗರತ್ನಾ ಆಕೆಯನ್ನು ರಟ್ಟೆ ಹಿಡಿದು ಹಿಂದಕ್ಕೆ ದೂಡಿದಳು.

“ಮುಟ್ಟಬ್ಯಾಡ! ನೀರ ಮುಟ್ಟಬ್ಯಾಡ! ಬಾಜೂ ಖೋಲಿ ಕೀಲಿ ಒಡೀರಿ ಮೊದಲ!”

ತನ್ನ ತಂಗಿಯ ಗಂಡ ಕಣ್ಣೆದುರು ಸಾಯುತ್ತಿದ್ದ. ಅವನನ್ನು ಮುಟ್ಟದಂತೆ ತಾನೇ ಜನರನ್ನು ತಡೆಯುತ್ತ ನಿಂತಿದ್ದಳು. ಅಂಥ ಹೊತ್ತು ಶತ್ರುವಿಗೂ ಬೇಡ. ಓಣಿಯ ಗಂಡಸರು ಬಂದರು, ಬಾಗಿಲಿಗೆ ಒತ್ತು ಕೊಟ್ಟಿದ್ದ ಅದೇ ಕಲ್ಲಿನಿಂದ ಕೀಲಿ ಒಡೆದರು, ಮೇನ್ ಸ್ವಿಚ್ ಕೆಳಗೆಳೆದರು. ಆಮೇಲೆ ಹಗ್ಗ ಹಾಕಿ ಅವನನ್ನು ಮೇಲೆತ್ತಿದರು. ಎದೆ ಒತ್ತಿದರು, ಅಂಗಾಲು ತಿಕ್ಕಿದರು, ಸಿಕ್ಕ ಟಂಟಂ ಗಾಡಿಯಲ್ಲಿ ಹಾಕಿಕೊಂಡು ಹೋದರು. ದವಾಖಾನೆಯ ಡಾಕ್ಟರು ನೋಡಿ ತಲೆಯಾಡಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಸಂಜೆ ದವಾಖಾನೆಯ ಹಿಂದಿನ ಬೇವಿನ ಗಿಡದ ಕೆಳಗೆ ಜನ ಕೂಡಿತ್ತು. ಪೋಸ್ಟ್‌ಮಾರ್ಟಮ್ ಮುಗಿಯಬೇಕಿತ್ತು. ಭಾಗ್ಯಾ ಗೋಡೆಗೆ ಒರಗಿ ಕೂತಿದ್ದಳು, ಅತ್ತು ಅತ್ತು ದನಿ ಬಿದ್ದು ಹೋಗಿತ್ತು. ಮಗ್ಗುಲಲ್ಲಿ ನಾಗರತ್ನಾ ಕೂತಿದ್ದಳು. ಅಕ್ಕನ ತೋಳನ್ನು ಭಾಗ್ಯಾ ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು. ಇನ್ನು ಲೋಕದಲ್ಲಿ ತನಗೆ ಇರುವುದು ಅದೊಂದೇ ಎಂಬಂತೆ ಹಿಡಿದಿದ್ದಳು. ನಾಗರತ್ನಾಳಿಗೆ ಆ ಕೈ ಸುಡುತ್ತಿತ್ತು.

ಭೀಮಾಬಾಯಿ ರೋಣದಿಂದ ನೇರ ಅಲ್ಲಿಗೇ ಬಂದಳು. ಹವಾಲ್ದಾರರು ಎಲ್ಲರೆದುರೇ ಕೇಳಿದರು. “ಮೇನ್ ತಗದ ಇಡ್ರಿ ಅಂತ ಅಂಗಡಿಯಿಂದ ಹೇಳಿದ್ರ ಇಲ್ಲೋ?”

“ಹೇಳಿದ್ರೀ ಸಾಹೇಬ್ರ.”

“ತಗದಿದ್ರಿ?”

“ತಗದಿದ್ದೆರಿ. ನನ್ನ ಮಕ್ಕಳ ಆಣಿ, ತಗದ ಇಟ್ಟ ಹೋಗಿದ್ದೆ.”

ಜನ ಎದ್ದಿತು. “ಸುಳ್ಳ ಬೊಗಳತಾಳ!” “ಕೀಲಿ ಒಡದ ನಾವ ಮೇನ್ ತಗದೇವಿ!” “ಒಂದ ಜೀವ ನುಂಗಿ ಮಕ್ಕಳ ಆಣಿ ಮಾಡ್ತಾಳ ನೋಡ್ರಿ!” ಭೀಮಾಬಾಯಿ ಸುತ್ತಲೂ ನೋಡುತ್ತ, “ಬಾಗಲಾ ತಗದಿದ್ದೆನ್ರೀ… ಖರೇನ ತಗದಿದ್ದೆ…” ಎನ್ನುತ್ತಿದ್ದಳು. ಬಾಗಿಲಿನ ಮಾತು ಯಾಕೆ ಬಂತೆಂದು ಯಾರಿಗೂ ತಿಳಿಯಲಿಲ್ಲ, ತಿಳಿಯುವ ಮನಸ್ಸೂ ಇರಲಿಲ್ಲ. ನುಣುಚಿಕೊಳ್ಳುತ್ತಿದ್ದಾಳೆ ಎಂದುಕೊಂಡರು. ಯಾರೋ ಆಕೆಯ ವ್ಯಾನಿಟಿ ಬ್ಯಾಗು ಜಗ್ಗಿದರು.

ಭಾಗ್ಯಾ ಬಿದ್ದ ದನಿಯಲ್ಲಿ, “ನಮ್ಮಕ್ಕ ಎರಡ ಸಲ ಹೇಳಿದ್ಲಂತ. ನಮ್ಮಕ್ಕ ಹೇಳಿದ್ರ ಹೇಳಿದ್ಹಂಗ,” ಎಂದಳು.

ನಾಗರತ್ನಾ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆಕೆ ಆಡಿದ್ದು ಒಂದಕ್ಷರವೂ ಸುಳ್ಳಲ್ಲ. ಹವಾಲ್ದಾರರೂ ಆಗಲೇ ಈಕೆಯ ಕಡೆ ತಿರುಗದೆ ಭೀಮಾಬಾಯಿಯ ಕಡೆಗೇ ತಿರುಗಿದ್ದರು. ಸುಮ್ಮನಿದ್ದರೆ ತಂಗಿಯ ಕೈ ತೋಳಿನ ಮೇಲೆ ಹಾಗೇ ಇರುತ್ತಿತ್ತು. ಆ ಆಸೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಬ್ಯಾಗು ಜಗ್ಗಿದವನು ಈಗ ಆ ಹೆಂಗಸಿನ ಸೆರಗಿಗೆ ಕೈ ಹಾಕುತ್ತಿದ್ದ.

“ಬಿಡೋ ಆಕಿನ್ನ,” ಎಂದಳು ನಾಗರತ್ನಾ. “ಆಕಿ ಖರೇ ಹೇಳಾಕತ್ತಾಳ. ನಾ ಮೇನ್ ಅಂದೆ, ಆಕಿ ಮೇನ್ ಡೋರ್ ಅಂತ ತಿಳಕೊಂಡ್ಲು. ಬಾಗಲಕ್ಕ ಕೀಲಿ ಹಾಕೂ ಮಾತ ನಡದಿತ್ತು, ಅದರಾಗ ನಾ ಬರೇ ಮೇನ್ ಅಂದೆ. ಹಂಗಂದ್ರ ಯಾರಾದ್ರೂ ಬಾಗಲಾನ ತಗೀತಾರ. ಕರೆಂಟಿನ ಹೆಸರ ಎತ್ತಲಿಲ್ಲ ನಾ.”

ಸೆರಗಿಗೆ ಕೈ ಹಾಕಿದವನು ಹಿಂದೆ ಸರಿದ. ಭೀಮಾಬಾಯಿ ಅಲ್ಲೇ ಕುಕ್ಕರಿಸಿ ಬಾಯಿಗೆ ಸೆರಗು ಹಿಡಿದು ಅಳತೊಡಗಿದಳು. ಹವಾಲ್ದಾರರು ಏನು ಬರೆದುಕೊಳ್ಳಬೇಕೆಂದು ತಿಳಿಯದೆ ಪೆನ್ನು ಹಿಡಿದು ನಿಂತರು.

ಭಾಗ್ಯಾ ಅಕ್ಕನ ಕಡೆ ತಿರುಗಿದಳು. ಬೈಯಲಿಲ್ಲ, ಬಡಿಯಲಿಲ್ಲ. ತೋಳಿನ ಮೇಲಿದ್ದ ಕೈಗಳನ್ನು ಒಂದೊಂದಾಗಿ ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು.

“ಕರೆಂಟ ಅಂತ ಒಂದ ಶಬ್ದ ಹೆಚ್ಚಿಗೆ ಅಂದಿದ್ರ,” ಎಂದಳು ನಿಧಾನವಾಗಿ, “ನಿನ್ನ ಗಂಟೇನ ಹೋಗ್ತಿತ್ತ ಅಕ್ಕಾ?”

ಅಷ್ಟರಲ್ಲಿ ಒಳಗಿನಿಂದ ದವಾಖಾನೆಯವನು ಬಂದು, ಮನೆಯವರು ಯಾರಾದರೂ ಹೆಣ ಒಯ್ಯಲು ಬರಬೇಕೆಂದು ಕರೆದ. ಭಾಗ್ಯಾ ಗೋಡೆ ಹಿಡಿದು ತಾನೇ ಎದ್ದಳು. ಎಬ್ಬಿಸಲು ಚಾಚಿದ ಅಕ್ಕನ ಕೈಯನ್ನು ಆಕೆ ಹಿಡಿಯಲಿಲ್ಲ.